24 ನಿಮಿಷ, 18 ಪ್ರಶ್ನೆ: ಕಾಲೇಜು ಕ್ವಿಝ್ ಸಂಚಿಕೆಯ ಸ್ಕ್ರಿಪ್ಟ್

ಕಾಲೇಜು ಕ್ವಿಝ್ ಸಂಚಿಕೆಯ ಸ್ಕ್ರಿಪ್ಟನ್ನು ಒಂದೇ ಹೊತ್ತಿಗೆ ಐದು ಜನ ಓದುತ್ತಿರುತ್ತಾರೆ. ಪ್ರಶ್ನೆ ಕೇಳುವ ನಿರೂಪಕರು, ಅಂಕ ಬರೆಯುವವರು, ಗಡಿಯಾರ ಹಿಡಿದವರು, ಪರದೆಯ ಮೇಲೆ ಚಿತ್ರ ಹಾಕಿ ಧ್ವನಿ ಕೇಳಿಸುವವರು, ಇವರೆಲ್ಲರನ್ನೂ ನಡೆಸುವ ನಿರ್ದೇಶಕರು. ಪ್ರೇಕ್ಷಕರ ಕಿವಿಗೆ ಬೀಳುವುದು ನಿರೂಪಕರ ಮಾತು ಮಾತ್ರ. ಉಳಿದ ನಾಲ್ವರು ಏನು ಮಾಡಬೇಕು, ಯಾವ ಕ್ಷಣಕ್ಕೆ ಮಾಡಬೇಕು ಎಂಬುದೂ ಅದೇ ಹಾಳೆಯಲ್ಲಿ ಇರಬೇಕು. ಹಾಗಾಗಿ ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡುತ್ತಾರೆ. ಬಲಗಡೆ ನಿರೂಪಕರ ಮಾತು; ಎಡಗಡೆ ಆ ಮಾತಿಗೆ ನೇರವಾಗಿ ಗಂಟೆ, ಪರದೆ, ದೀಪ ಮತ್ತು ಅಂಕದ ಸೂಚನೆ.

ಕಾಲೇಜು ಕ್ವಿಝ್‌ನ ನಮೂನೆಗಳಿಗೆ ಬಹುಕಾಲದ ಚರಿತ್ರೆಯಿದೆ. ಬ್ರಿಟನ್ನಿನ ‘ಯೂನಿವರ್ಸಿಟಿ ಚಾಲೆಂಜ್’ 1962ರಲ್ಲಿ ಶುರುವಾಯಿತು. ಭಾರತದಲ್ಲಿ ದೂರದರ್ಶನದ ‘ಕ್ವಿಝ್ ಟೈಮ್’ 1985ರಲ್ಲಿ ಸಿದ್ಧಾರ್ಥ ಬಸು ಅವರ ನಿರೂಪಣೆಯಲ್ಲಿ ಕಾಲೇಜು ತಂಡಗಳನ್ನು ಮನೆಮನೆಗೆ ತಲುಪಿಸಿತು. ಬೆಂಗಳೂರಿನಲ್ಲಿ ಕರ್ನಾಟಕ ಕ್ವಿಝ್ ಅಸೋಸಿಯೇಷನ್ 1983ರಲ್ಲೇ ಹುಟ್ಟಿಕೊಂಡಿತ್ತು. ಚಂದನ ವಾಹಿನಿಯಲ್ಲಿ 2002ರಿಂದ ಬರುತ್ತಿರುವ ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’, ಸರಿಯುತ್ತರಕ್ಕೆ ಪುಸ್ತಕ ಕೊಡುವ ಕನ್ನಡದ ಕ್ವಿಝ್ ಎಂದೇ ಹೆಸರಾಗಿದೆ. ಇವುಗಳ ನಿಯಮಗಳು ಬೇರೆ ಬೇರೆ. ಆದರೆ ಸ್ಕ್ರಿಪ್ಟ್ ಬರೆಯುವವರ ಮುಂದಿರುವ ತೊಡಕು ಎಲ್ಲೆಡೆಯೂ ಒಂದೇ: ಗೊತ್ತುಪಡಿಸಿದ ಸಮಯದಲ್ಲಿ, ಕೂತ ಜಾಗದ ಅದೃಷ್ಟ ಯಾರಿಗೂ ಸಿಗದಂತೆ, ಗೆದ್ದವರು ಯಾರೆಂದು ತೀರ್ಮಾನವಾಗಬೇಕು.

ಅದು ಹೇಗೆಂದು ನೋಡಲು ಒಂದು ಮಾದರಿ ಸಂಚಿಕೆಯನ್ನು ಕಟ್ಟಿಕೊಳ್ಳಬಹುದು. ನಾಲ್ಕು ಕಾಲೇಜು ತಂಡಗಳು, ತಲಾ ಇಬ್ಬರು ವಿದ್ಯಾರ್ಥಿಗಳು. ತಂಡಗಳಿಗೆ ನದಿಗಳ ಹೆಸರು. ಎಡದಿಂದ ಬಲಕ್ಕೆ ತುಂಗಾ, ಭದ್ರಾ, ಹೇಮಾವತಿ, ಕಾವೇರಿ.

ಮೊದಲು ಸಮಯದ ಲೆಕ್ಕ

ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತು ಕಳೆದು ಕೈಗೆ ಸಿಗುವುದು 24 ನಿಮಿಷ ಎಂದುಕೊಂಡರೆ, ಪ್ರಶ್ನೆ ಹುಡುಕುವ ಮೊದಲೇ ಈ 24 ನಿಮಿಷವನ್ನು ಹಂಚಿಬಿಡಬೇಕು. ಸ್ವಾಗತ ಮತ್ತು ತಂಡಗಳ ಪರಿಚಯಕ್ಕೆ 2 ನಿಮಿಷ. ಮೊದಲ ಸುತ್ತು 8 ಪ್ರಶ್ನೆ, ಒಂದಕ್ಕೆ 45 ಸೆಕೆಂಡಿನಂತೆ 6 ನಿಮಿಷ. ಎರಡನೇ ಸುತ್ತು ಚಿತ್ರ ಮತ್ತು ಧ್ವನಿಯ 4 ಪ್ರಶ್ನೆ, ಒಂದಕ್ಕೆ 75 ಸೆಕೆಂಡಿನಂತೆ 5 ನಿಮಿಷ. ಮೂರನೆಯದು ಬಝರ್ ಸುತ್ತು, ಸುಳಿವುಗಳ 6 ಪ್ರಶ್ನೆ, ಒಂದಕ್ಕೆ ಒಂದು ನಿಮಿಷ. ಸುತ್ತುಗಳ ನಡುವೆ ಎರಡು ಸಲ ಅಂಕಪಟ್ಟಿ ಓದಲು ಒಟ್ಟು 1 ನಿಮಿಷ. ಟೈ-ಬ್ರೇಕರ್‌ಗೆ ಮೀಸಲು 2 ನಿಮಿಷ, ಮುಕ್ತಾಯಕ್ಕೆ 2 ನಿಮಿಷ. ಇಲ್ಲಿಗೆ 24 ನಿಮಿಷ ಭರ್ತಿಯಾಯಿತು.

ಇದರಲ್ಲಿ ಹೊಸಬರು ಮರೆಯುವುದು ಟೈ-ಬ್ರೇಕರ್‌ನ 2 ನಿಮಿಷವನ್ನು. ಸಮಬಲವಾಗದಿದ್ದರೆ ಆ ಸಮಯ ಖಾಲಿ ಉಳಿಯುತ್ತದಲ್ಲ ಎಂದು ಬಿಟ್ಟರೆ, ಸಮಬಲವಾದ ದಿನ ಮುಕ್ತಾಯವನ್ನೇ ಕತ್ತರಿಸಬೇಕಾಗುತ್ತದೆ. ಆದ್ದರಿಂದ ಅದೇ 2 ನಿಮಿಷಕ್ಕೆ ಸರಿಹೊಂದುವ ಇನ್ನೊಂದು ತುಣುಕನ್ನು, ಉದಾಹರಣೆಗೆ ಪ್ರೇಕ್ಷಕರಿಗೆ ಎರಡು ಪ್ರಶ್ನೆಗಳನ್ನು, ಬದಲಿಯಾಗಿ ಬರೆದಿಟ್ಟಿರುತ್ತಾರೆ. ಪ್ರತಿ ಸುತ್ತಿಗೂ ಎರಡು ಹೆಚ್ಚುವರಿ ಪ್ರಶ್ನೆಗಳೂ ಬೇಕು. ಪ್ರೇಕ್ಷಕರಲ್ಲಿ ಯಾರಾದರೂ ಉತ್ತರ ಕೂಗಿಬಿಟ್ಟರೆ, ಪರದೆಯ ಮೇಲೆ ಉತ್ತರದ ಚಿತ್ರ ಮೊದಲೇ ಬಂದುಬಿಟ್ಟರೆ, ಆ ಪ್ರಶ್ನೆಯನ್ನು ಅಲ್ಲಿಗೇ ಕೈಬಿಟ್ಟು ಹೆಚ್ಚುವರಿಯದನ್ನು ಅದೇ ತಂಡಕ್ಕೆ ಕೇಳಬೇಕಾಗುತ್ತದೆ.

ಮೊದಲ ಸುತ್ತು: ಕೂತ ಜಾಗದ ಅದೃಷ್ಟ

ಶಾಲಾ ಕ್ವಿಝ್‌ಗಳಲ್ಲಿ ಹಿಂದಿನಿಂದ ಬಂದ ಪದ್ಧತಿಯೆಂದರೆ ಮೊದಲ ಪ್ರಶ್ನೆ ಮೊದಲ ತಂಡಕ್ಕೆ, ಎರಡನೆಯದು ಎರಡನೆಯದಕ್ಕೆ. ಉತ್ತರ ಬರದಿದ್ದರೆ ಪಕ್ಕದವರಿಗೆ ಪಾಸ್. ನೋಡಲು ಸಮವಾಗಿ ಕಾಣುವ ಈ ಪದ್ಧತಿಯಲ್ಲಿ ಒಂದು ಓರೆಯಿದೆ. ತುಂಗಾ ತಂಡ ದುರ್ಬಲವಾಗಿದ್ದರೆ ಅದರ ಪ್ರಶ್ನೆಗಳೆಲ್ಲ ಪಕ್ಕದ ಭದ್ರಾ ತಂಡಕ್ಕೆ ಹೋಗುತ್ತವೆ. ಭದ್ರಾ ತಂಡಕ್ಕೆ ತನ್ನ ನೇರ ಪ್ರಶ್ನೆಗಳು ಇದ್ದೇ ಇವೆ. ಪಕ್ಕದಲ್ಲಿ ಸೋಲುವವರು ಕೂತರೆ ಪಾಲು ಎರಡಾಗುತ್ತದೆ, ಜಾಣರು ಕೂತರೆ ಪಾಸ್ ಎಂಬುದೇ ಬರುವುದಿಲ್ಲ. ನೇರ ಉತ್ತರಕ್ಕೆ 10, ಪಾಸ್ ಆದದ್ದಕ್ಕೆ 5 ಎಂದು ಅಂಕ ಇಳಿಸಿದರೆ ಓರೆ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಮೂವರಿಗೆ ತಿಳಿಯದ ಪ್ರಶ್ನೆಗೆ ನಾಲ್ಕನೆಯವರು ಉತ್ತರಿಸಿದರೂ ಅರ್ಧ ಅಂಕವೇ ಸಿಗುವುದು ಇನ್ನೊಂದು ಅನ್ಯಾಯ.

ಇದಕ್ಕೆ ಕ್ವಿಝ್ ವಲಯದಲ್ಲಿ ಬಳಕೆಗೆ ಬಂದ ಪರಿಹಾರ ‘ಇನ್‌ಫಿನಿಟ್ ಬೌನ್ಸ್’. ಪ್ರಶ್ನೆ ಒಂದು ತಂಡದಿಂದ ಶುರುವಾಗಿ ಸಾಲಾಗಿ ಸಾಗುತ್ತದೆ. ಯಾರು ಸರಿಯುತ್ತರ ಕೊಟ್ಟರೋ ಅವರ ನಂತರದ ತಂಡದಿಂದ ಮುಂದಿನ ಪ್ರಶ್ನೆ ಶುರು. ಎಲ್ಲಿಂದ ಬಂದರೂ ಸರಿಯುತ್ತರಕ್ಕೆ 10 ಅಂಕ. ಯಾರಿಗೂ ಬಾರದಿದ್ದರೆ ಪ್ರಶ್ನೆ ಪೂರ್ತಿ ಒಂದು ಸುತ್ತು ಹಾಕಿ ಬಂದಂತಾಯಿತು. ಹಾಗಾಗಿ ಮುಂದಿನದೂ ಮೊದಲು ಕೇಳಿಸಿಕೊಂಡ ತಂಡದಿಂದಲೇ ಶುರು. ಪಕ್ಕದವರ ಪ್ರಶ್ನೆಗೆ ಉತ್ತರ ಕೊಟ್ಟವರು ಅಷ್ಟರಮಟ್ಟಿಗೆ ತಮ್ಮ ನೇರ ಪ್ರಶ್ನೆಯನ್ನು ಬಿಟ್ಟುಕೊಡುತ್ತಾರೆ. ಹೀಗೆ ಓರೆ ಬಹುಮಟ್ಟಿಗೆ ನೇರವಾಗುತ್ತದೆ.

ಮಾದರಿ ಸಂಚಿಕೆಯ ಮೊದಲ ಸುತ್ತು ಹೀಗೆ ಸಾಗಿತೆನ್ನೋಣ. ಮೊದಲ ಪ್ರಶ್ನೆ ತುಂಗಾ ತಂಡಕ್ಕೆ ಬಾರದೆ ಭದ್ರಾ ಹೇಳಿತು. ಎರಡನೆಯದು ಹೇಮಾವತಿಯಿಂದ ಶುರುವಾಗಿ ಅಲ್ಲೇ ಮುಗಿಯಿತು. ಮೂರನೆಯದು ಕಾವೇರಿಗೆ ಬಾರದೆ ತುಂಗಾ ಹೇಳಿತು. ನಾಲ್ಕನೆಯದು ಭದ್ರಾ ಪಾಲು. ಐದನೆಯದು ಹೇಮಾವತಿ ತಪ್ಪಿ ಕಾವೇರಿ ಹೇಳಿತು. ಆರನೆಯದು ತುಂಗಾ ಪಾಲು. ಏಳನೆಯದು ಭದ್ರಾ ತಂಡದಿಂದ ಹೊರಟು ನಾಲ್ವರನ್ನೂ ಸುತ್ತಿ ಉತ್ತರವಿಲ್ಲದೆ ಉಳಿಯಿತು. ಎಂಟನೆಯದು ಮತ್ತೆ ಭದ್ರಾ ತಂಡದಿಂದಲೇ ಶುರುವಾಗಿ, ಅದಕ್ಕೆ ಬಾರದೆ ಹೇಮಾವತಿ ಹೇಳಿತು. ಈಗ ತುಂಗಾ 20, ಭದ್ರಾ 20, ಹೇಮಾವತಿ 20, ಕಾವೇರಿ 10.

ಅಂಕ ಬರೆಯುವವರಿಗೆ ಇಲ್ಲೇ ಒಂದು ಪರೀಕ್ಷೆ ಸಿಗುತ್ತದೆ. ಉತ್ತರ ಬಂದ ಪ್ರಶ್ನೆಗಳು 7. 7ನ್ನು 10ರಿಂದ ಗುಣಿಸಿದರೆ 70. ನಾಲ್ಕೂ ತಂಡಗಳ ಅಂಕ ಕೂಡಿದರೂ 70. ಎರಡೂ ತಾಳೆಯಾಗದಿದ್ದರೆ ಎಲ್ಲೋ ಒಂದು ಅಂಕ ಬಿಟ್ಟುಹೋಗಿದೆ ಅಥವಾ ಎರಡು ಸಲ ಬಿದ್ದಿದೆ. ಸ್ಕ್ರಿಪ್ಟಿನ ಎಡಭಾಗದಲ್ಲಿ ಪ್ರತಿ ಸುತ್ತಿನ ಕೊನೆಗೆ ‘ಒಟ್ಟು ತಾಳೆ ನೋಡಿ, ಹೆಬ್ಬೆರಳು ಎತ್ತಿ’ ಎಂಬ ಸೂಚನೆ ಇರುತ್ತದೆ. ಆ ಹೆಬ್ಬೆರಳು ಕಾಣುವವರೆಗೆ ನಿರೂಪಕರು ಅಂಕಪಟ್ಟಿ ಓದುವಂತಿಲ್ಲ.

ಪ್ರಶ್ನೆಯ ಬರವಣಿಗೆ

ಕಾಲೇಜು ಕ್ವಿಝ್‌ನ ಪ್ರಶ್ನೆ ಬರೀ ನೆನಪನ್ನು ಕೆದಕಿದರೆ ಸಾಲದು, ಯೋಚಿಸಿ ಬಿಡಿಸುವಂತಿರಬೇಕು. ‘ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಯಾರು?’ ಎಂದರೆ ಗೊತ್ತಿದ್ದವರು ಕುವೆಂಪು ಎನ್ನುತ್ತಾರೆ, ಗೊತ್ತಿಲ್ಲದವರು ಸುಮ್ಮನಿರುತ್ತಾರೆ; ಇಬ್ಬರು ತಲೆಗೆ ತಲೆ ಕೊಟ್ಟು ಪಿಸುಗುಟ್ಟುವ ದೃಶ್ಯ ಅದರಿಂದ ಹುಟ್ಟುವುದಿಲ್ಲ. ಅದನ್ನೇ ಹೀಗೆ ಬರೆಯಬಹುದು: ‘1967ರ ಜ್ಞಾನಪೀಠ ಪ್ರಶಸ್ತಿಯನ್ನು ಇಬ್ಬರು ಹಂಚಿಕೊಂಡರು. ಒಬ್ಬರು ಗುಜರಾತಿ ಕವಿ ಉಮಾಶಂಕರ ಜೋಶಿ. ಇನ್ನೊಬ್ಬರಿಗೆ ಈ ಗೌರವ ತಂದ ಮಹಾಕಾವ್ಯ ಯಾವುದು?’ ವರ್ಷದಿಂದ ಕುವೆಂಪು, ಅವರಿಂದ ‘ಶ್ರೀ ರಾಮಾಯಣ ದರ್ಶನಂ’ ಎಂದು ಎರಡು ಮೆಟ್ಟಿಲು ಹತ್ತಬೇಕು.

ಸ್ಕ್ರಿಪ್ಟಿನಲ್ಲಿ ಪ್ರತಿ ಪ್ರಶ್ನೆಯ ಕೆಳಗೆ ಉತ್ತರಕ್ಕೆ ಮೂರು ಸಾಲು ಮೀಸಲು: ಒಪ್ಪುವ ಉತ್ತರ, ಮರುಕೇಳಬೇಕಾದ ಉತ್ತರ, ಒಪ್ಪದ ಉತ್ತರ. ಮಾದರಿ ಸಂಚಿಕೆಯ ಎರಡನೇ ಪ್ರಶ್ನೆ ಸ್ಕ್ರಿಪ್ಟಿನಲ್ಲಿ ಕಾಣುವುದು ಹೀಗೆ.

[ಗಡಿಯಾರ ಸಿದ್ಧ. ದೀಪ ಹೇಮಾವತಿ ಮೇಲೆ.]
ನಿರೂಪಕಿ: ಪ್ರಶ್ನೆ ಎರಡು, ಹೇಮಾವತಿಯಿಂದ ಶುರು. 1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ತಯಾರಾಯಿತು. ಆ ವಿದ್ಯುತ್ತು ಮೊದಲು ಮೈಸೂರಿಗೂ ಹೋಗಲಿಲ್ಲ, ಬೆಂಗಳೂರಿಗೂ ಹೋಗಲಿಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಅದನ್ನು ಒಯ್ದದ್ದು ಎಲ್ಲಿಗೆ?
[‘ಎಲ್ಲಿಗೆ’ ಎಂದಾಗ ಗಡಿಯಾರ ಶುರು, 15 ಸೆಕೆಂಡು.]
ಒಪ್ಪುವುದು: ಕೋಲಾರ ಚಿನ್ನದ ಗಣಿ, ಕೆ.ಜಿ.ಎಫ್.
ಮರುಕೇಳುವುದು: ಕೋಲಾರ. (‘ಕೋಲಾರದಲ್ಲಿ ಎಲ್ಲಿಗೆ?’ ಎಂದಷ್ಟೇ ಕೇಳಿ.)
ಒಪ್ಪದ್ದು: ಹಟ್ಟಿ ಗಣಿ.
[ಸರಿ: ಗಂಟೆ, +10, ಮುಂದಿನದು ಕಾವೇರಿ. ತಪ್ಪು: ದೀಪ ಕಾವೇರಿಗೆ, 5 ಸೆಕೆಂಡು.]

ಮರುಕೇಳುವ ಸಾಲಿನಲ್ಲಿ ಏನು ಹೇಳಬೇಕೆಂಬುದನ್ನೂ ಬರೆದಿಟ್ಟಿರುವುದಕ್ಕೆ ಕಾರಣವಿದೆ. ಅದನ್ನು ನಿರೂಪಕರ ಬಾಯಿಗೆ ಬಿಟ್ಟರೆ ‘ಕೋಲಾರ ಅಂದ್ರೆ ಊರೋ ಗಣಿಯೋ?’ ಎಂದು ಕೇಳಿಬಿಡಬಹುದು. ಉತ್ತರ ಅಲ್ಲೇ ಸಿಕ್ಕಿಹೋಗುತ್ತದೆ.

ಪ್ರಶ್ನೆಗಳನ್ನು ಕೆಡಿಸುವ ದೋಷಗಳಲ್ಲಿ ಎರಡು ಪದೇ ಪದೇ ಕಾಣುತ್ತವೆ. ಒಂದು, ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುವ ಸಂಖ್ಯೆ. ಶ್ರವಣಬೆಳಗೊಳದ ಗೊಮ್ಮಟನ ಎತ್ತರ ಕೆಲವೆಡೆ 57 ಅಡಿ, ಕೆಲವೆಡೆ 58 ಅಡಿ. ಇಂಥದನ್ನು ಕೇಳಿದರೆ ಎರಡು ತಂಡಗಳು ಎರಡು ಪುಸ್ತಕ ಹಿಡಿದು ಬರುತ್ತವೆ. ಇನ್ನೊಂದು ‘ಈಗಿನ’ ಎಂಬ ಪದ. ಜೂನ್‌ನಲ್ಲಿ ಚಿತ್ರೀಕರಿಸಿದ್ದು ಆಗಸ್ಟ್‌ನಲ್ಲಿ ಪ್ರಸಾರವಾದರೆ ಈಗಿನ ಮಂತ್ರಿ ಹಿಂದಿನ ಮಂತ್ರಿಯಾಗಿರಬಹುದು. ಅದಕ್ಕಾಗಿ ಪ್ರಶ್ನೆಯೊಳಗೇ ವರ್ಷ, ತಿಂಗಳು ಸೇರಿಸುತ್ತಾರೆ.

ಎರಡನೇ ಸುತ್ತು: ಪೌನ್ಸ್ ಮತ್ತು ಮೌನ

ಬೌನ್ಸ್‌ನಲ್ಲಿ ಒಂದು ಕೊರತೆ ಉಳಿದೇ ಇದೆ. ಉತ್ತರ ಗೊತ್ತಿದ್ದೂ ಸರದಿ ಬರುವ ಮೊದಲೇ ಬೇರೆಯವರು ಹೇಳಿಬಿಟ್ಟರೆ ಏನೂ ಸಿಗುವುದಿಲ್ಲ. ಪೌನ್ಸ್ ಅದಕ್ಕೆ ಉತ್ತರ. ಪ್ರಶ್ನೆ ಓದಿ ಮುಗಿದ ಮೇಲೆ 15 ಸೆಕೆಂಡು ಎಲ್ಲ ತಂಡಗಳಿಗೂ ಅವಕಾಶ. ಧೈರ್ಯವಿದ್ದವರು ಕೈಯೆತ್ತಿ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಸರಿಯಾದರೆ +10, ತಪ್ಪಾದರೆ −5. ಚೀಟಿ ಕೊಟ್ಟವರು ಆ ಪ್ರಶ್ನೆಯ ಬೌನ್ಸ್‌ನಲ್ಲಿ ಇರುವುದಿಲ್ಲ. ಉಳಿದವರ ನಡುವೆ ಪ್ರಶ್ನೆ ಎಂದಿನಂತೆ ಸಾಗುತ್ತದೆ.

ಮಾದರಿ ಸಂಚಿಕೆಯಲ್ಲಿ ಈ ಸುತ್ತಿನ ಮೊದಲ ಪ್ರಶ್ನೆ ಧ್ವನಿಯದು. ಆಕಾಶವಾಣಿಯ ಹಳೆಯ ಸಂಕೇತ ರಾಗ 12 ಸೆಕೆಂಡು ಕೇಳಿಸುತ್ತದೆ. ‘ಆಕಾಶವಾಣಿ ಎಂಬ ಈ ಹೆಸರು 1935ರಲ್ಲಿ ಮೈಸೂರಿನ ಒಂದು ಮನೆಯಿಂದ ಪ್ರಸಾರ ಶುರುಮಾಡಿದ ಖಾಸಗಿ ಬಾನುಲಿ ಕೇಂದ್ರದ್ದಾಗಿತ್ತು. ಮನೆಯ ಯಜಮಾನರು ಮನೋವಿಜ್ಞಾನದ ಪ್ರಾಧ್ಯಾಪಕರು. ಯಾರು?’ ಉತ್ತರ ಎಂ.ವಿ. ಗೋಪಾಲಸ್ವಾಮಿ. ಸರದಿ ಕಾವೇರಿಯದು. ಆದರೆ ಕಾವೇರಿ, ತುಂಗಾ ಎರಡೂ ಚೀಟಿ ಕೊಟ್ಟಿವೆ. ಹಾಗಾಗಿ ಪ್ರಶ್ನೆ ನೇರ ಭದ್ರಾ ತಂಡಕ್ಕೆ ಹೋಯಿತು. ಅದು ಸರಿಯಾಗಿ ಹೇಳಿತು. ಚೀಟಿಗಳಲ್ಲಿ ತುಂಗಾ ಸರಿ, ಕಾವೇರಿ ತಪ್ಪು.

ಇಲ್ಲಿ ಸ್ಕ್ರಿಪ್ಟಿನ ಎಡಭಾಗದ ಸೂಚನೆ ಬಹಳ ಕಟ್ಟುನಿಟ್ಟು: ‘ಚೀಟಿಯ ಫಲಿತಾಂಶ ಬೌನ್ಸ್ ಮುಗಿಯುವವರೆಗೆ ಪರದೆಗೆ ಬರಕೂಡದು.’ ಅಂಕಪಟ್ಟಿಯಲ್ಲಿ ತುಂಗಾ ಹೆಸರಿನ ಮುಂದೆ ತಟ್ಟನೆ 30 ಕಂಡರೆ, ಅವರ ಮುಖ ನೋಡಿಯೇ ಪಕ್ಕದವರು ಲೆಕ್ಕ ಹಾಕುತ್ತಾರೆ. ನಿರೂಪಕರು ಚೀಟಿ ತೆಗೆದುಕೊಳ್ಳುವಾಗ ನಗಬಾರದು, ಹುಬ್ಬೇರಿಸಬಾರದು ಎಂಬುದೂ ಅದೇ ಕಾರಣಕ್ಕೆ.

ಉಳಿದ ಮೂರು ಪ್ರಶ್ನೆಗಳಲ್ಲಿ ಒಂದನ್ನು ಹೇಮಾವತಿ ಸರದಿಯಲ್ಲೇ ಹೇಳಿತು. ಮುಂದಿನದಕ್ಕೆ ಭದ್ರಾ ಕೊಟ್ಟ ಚೀಟಿ ತಪ್ಪಾಯಿತು, ಸರದಿಯಲ್ಲಿದ್ದ ಕಾವೇರಿ ಸರಿಯಾಗಿ ಹೇಳಿತು. ಕೊನೆಯದಕ್ಕೆ ತುಂಗಾ ಚೀಟಿ ತಪ್ಪು, ಹೇಮಾವತಿ ಚೀಟಿ ಸರಿ. ಸರದಿಯಲ್ಲಿ ಭದ್ರಾ ತಂಡಕ್ಕೆ ಬಾರದೆ ಕಾವೇರಿ ಹೇಳಿತು. ಈಗ ತುಂಗಾ 25, ಭದ್ರಾ 25, ಹೇಮಾವತಿ 40, ಕಾವೇರಿ 25. ತಾಳೆ ನೋಡುವ ಕ್ರಮ ಇಲ್ಲಿ ಸ್ವಲ್ಪ ಬದಲು: ಹಿಂದಿನ 70ಕ್ಕೆ ಆರು ಸರಿಯುತ್ತರಗಳ 60 ಸೇರಿಸಿ, ಮೂರು ತಪ್ಪು ಚೀಟಿಗಳ 15 ಕಳೆದರೆ 115. ನಾಲ್ಕೂ ತಂಡಗಳ ಮೊತ್ತವೂ ಅಷ್ಟೇ.

ನಿರೂಪಕರ ಹರಟೆ ಯಾಕೆ

ಕೇಳುವವರಿಗೆ ಹರಟೆ ತನ್ನಷ್ಟಕ್ಕೆ ಹೊಮ್ಮಿದಂತೆ ಕಾಣುತ್ತದೆ. ಸ್ಕ್ರಿಪ್ಟಿನಲ್ಲಿ ಅದಕ್ಕೂ ಸೆಕೆಂಡಿನ ಲೆಕ್ಕವಿದೆ. ಪೌನ್ಸ್ ಪ್ರಶ್ನೆ ಮುಗಿದಾಗ ಅಂಕ ಬರೆಯುವವರು ನಾಲ್ಕು ಕಡೆ ತಿದ್ದಬೇಕು, ಪರದೆಯವರು ಮುಂದಿನ ಚಿತ್ರ ತೆರೆಯಬೇಕು. ಇದಕ್ಕೆ ಬೇಕಾಗುವ 10 ಸೆಕೆಂಡು ನಿಶ್ಶಬ್ದವಾಗಿದ್ದರೆ ಕಾರ್ಯಕ್ರಮ ತಡವರಿಸಿದಂತೆ ಕಾಣುತ್ತದೆ. ಆ ಜಾಗ ತುಂಬುವುದು ಹರಟೆಯ ಕೆಲಸ. ಅಂಕದ ಕೆಲಸ ಬೇಗ ಮುಗಿದರೆ ನಿರ್ದೇಶಕರು ಬೆರಳು ಸುತ್ತಿಸಿ ‘ಮುಂದೆ’ ಎನ್ನುತ್ತಾರೆ; ಮುಗಿಯದಿದ್ದರೆ ಎರಡು ಕೈ ಅಗಲಿಸಿ ‘ಎಳೆಯಿರಿ’ ಎನ್ನುತ್ತಾರೆ. ಆದ್ದರಿಂದ ಹರಟೆಯನ್ನು ಎಲ್ಲಿ ಬೇಕಾದರೂ ನಿಲ್ಲಿಸಲು ಬರುವಂತೆ ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆಯುತ್ತಾರೆ.

ಬರೆದಿಟ್ಟ ಹರಟೆಯಲ್ಲಿ ಕವಲುಗಳಿರುತ್ತವೆ: ಉತ್ತರ ಬಂದರೆ ಒಂದು, ಯಾರಿಗೂ ಬಾರದಿದ್ದರೆ ಒಂದು, ಚೀಟಿ ತಪ್ಪಿದರೆ ಒಂದು. ಬಾನುಲಿಯ ಪ್ರಶ್ನೆಯ ನಂತರದ ಭಾಗ ಹೀಗಿದೆ.

ನಿರೂಪಕಿ: ಭದ್ರಾ, ಸರಿ ಉತ್ತರ. [ಗಂಟೆ, ಭದ್ರಾ +10.] ಈಗ ಚೀಟಿ ನೋಡೋಣ. ತುಂಗಾ, ನೀವೂ ಗೋಪಾಲಸ್ವಾಮಿ ಅಂತಾನೇ ಬರೆದಿದ್ದೀರಿ. [ತುಂಗಾ +10.] ಕಾವೇರಿ, ನೀವು ಕುವೆಂಪು ಅಂತ ಬರೆದಿದ್ದೀರಲ್ಲ, ಯಾಕೆ?
ವಿದ್ಯಾರ್ಥಿ: ಮೇಡಂ, ಮೈಸೂರು ಅಂತ ಇತ್ತು, ಪ್ರಾಧ್ಯಾಪಕರು ಅಂತ ಇತ್ತು...
ನಿರೂಪಕಿ: ಮೈಸೂರಲ್ಲಿ ಆಗ ಕಲ್ಲು ಎಸೆದರೆ ಒಬ್ಬರು ಪ್ರಾಧ್ಯಾಪಕರಿಗೆ ಬೀಳ್ತಿತ್ತು ಬಿಡಿ. ಆದ್ರೆ ಇವರು ಮನೋವಿಜ್ಞಾನದವರು. [ಕಾವೇರಿ −5. ಪರದೆ ಸಿದ್ಧವೇ ನೋಡಿ.]

ಇಲ್ಲಿ ನಗೆ ವಿದ್ಯಾರ್ಥಿಯ ಮೇಲಿಲ್ಲ, ಊರಿನ ಮೇಲಿದೆ. ಜೊತೆಗೆ ಯಾವ ಸುಳಿವು ತಪ್ಪಿಹೋಯಿತು ಎಂಬುದೂ ಮನೆಯಲ್ಲಿ ಕೂತು ನೋಡುವವರಿಗೆ ತಿಳಿಯುತ್ತದೆ.

ಹರಟೆಗೆ ನಿಷಿದ್ಧವಾದ ಜಾಗವೂ ಇದೆ. ಪ್ರಶ್ನೆ ಬೌನ್ಸ್ ಆಗುತ್ತಿರುವಾಗ ನಿರೂಪಕರು ‘ತಪ್ಪು’ ಎಂಬ ಒಂದು ಪದ ಬಿಟ್ಟು ಬೇರೇನೂ ಆಡಬಾರದು. ‘ಅಯ್ಯೋ, ಹತ್ತಿರ ಬಂದಿದ್ದಿರಿ’ ಎಂದರೆ ಮುಂದಿನ ತಂಡಕ್ಕೆ ಅರ್ಧ ಉತ್ತರ ಕೊಟ್ಟಂತೆ. ಪ್ರಶ್ನೆಯನ್ನು ಮತ್ತೆ ಓದಬೇಕಾದರೆ ಅಕ್ಷರಶಃ ಅದನ್ನೇ ಓದಬೇಕು. ಬೇರೆ ಮಾತಿನಲ್ಲಿ ವಿವರಿಸಿದರೆ ಮೊದಲು ಕೇಳಿದವರಿಗಿಂತ ನಂತರದವರಿಗೆ ಹೆಚ್ಚು ಸಿಕ್ಕಂತಾಗುತ್ತದೆ.

ಮೂರನೇ ಸುತ್ತು: ಬಝರ್

ಬಝರ್ ಯಂತ್ರದಲ್ಲಿ ಮೊದಲು ಒತ್ತಿದವರ ದೀಪ ಉರಿದು ಉಳಿದವರ ಗುಂಡಿ ಸತ್ತುಹೋಗುತ್ತದೆ. ಹಾಗಾಗಿ ಯಾರು ಮೊದಲು ಎಂಬ ತಕರಾರಿಲ್ಲ. ಆದರೆ ದಂಡವಿಲ್ಲದಿದ್ದರೆ ಎಲ್ಲರೂ ಸುಮ್ಮನೆ ಒತ್ತುತ್ತಾರೆ. ಯೂನಿವರ್ಸಿಟಿ ಚಾಲೆಂಜ್‌ನಲ್ಲಿ ಬಝರ್ ಪ್ರಶ್ನೆಗೆ 10 ಅಂಕ. ಪ್ರಶ್ನೆ ಮುಗಿಯುವ ಮೊದಲೇ ನಡುವೆ ಬಾಯಿ ಹಾಕಿ ತಪ್ಪಿದರೆ 5 ಕಳೆಯುತ್ತಾರೆ. ಮಾದರಿ ಸಂಚಿಕೆಯಲ್ಲಿ ಪ್ರತಿ ಪ್ರಶ್ನೆಗೂ ಮೂರು ಸುಳಿವು. ಮೊದಲ ಸುಳಿವಿಗೇ ಹೇಳಿದರೆ 15, ಎರಡನೆಯದಕ್ಕೆ 10, ಮೂರನೆಯದಕ್ಕೆ 5. ತಪ್ಪಿದರೆ −5, ಆ ಪ್ರಶ್ನೆಯಿಂದ ಹೊರಗೆ.

ಈ ಅಂಕಗಳನ್ನು ನಿಗದಿ ಮಾಡುವಾಗ ಹಿಂದಿನ ಸುತ್ತುಗಳ ಕಡೆ ನೋಡಬೇಕು. 15, 10, 5ರ ಬದಲು 30, 20, 10 ಇಟ್ಟರೆ ಮಾತು ದೊಡ್ಡದಾಗುತ್ತದೆ, ಆದರೆ ಒಂದೇ ಗುಂಡಿಯೊತ್ತು ಮೊದಲ ಸುತ್ತಿನ ಮೂರು ಸರಿಯುತ್ತರಗಳನ್ನು ನುಂಗಿಬಿಡುತ್ತದೆ. ಆಗ ಹಿಂದಿನ 12 ಪ್ರಶ್ನೆ ಕೇಳಿದ್ದಕ್ಕೆ ಅರ್ಥವಿರುವುದಿಲ್ಲ. ಹಿಂದೆ ಬಿದ್ದ ತಂಡ ಎರಡು ಮೂರು ಉತ್ತರಗಳಲ್ಲಿ ಮುಂದೆ ಬರಬಹುದು, ಒಂದೇ ಉತ್ತರದಲ್ಲಿ ಬರಲಾರದು ಎಂಬುದು ಸರಿಯಾದ ಅಳತೆ.

ಸುಳಿವುಗಳು ಕಷ್ಟದಿಂದ ಸುಲಭಕ್ಕೆ ಇಳಿಯಬೇಕು. ಮೊದಲನೆಯದೇ ಒಂದೇ ಉತ್ತರಕ್ಕೆ ಹೊಂದುವಂತಿರಬೇಕು ಎಂಬುದು ಇದರ ಕಠಿಣ ಭಾಗ. ಒಂದು ಪ್ರಶ್ನೆಯ ಮೊದಲ ಕರಡಿನಲ್ಲಿ ‘ಬೆಳ್ಳಿಯ ಲವಣದಿಂದ ಮಾಡಿದ್ದು, ಬೆಳಕು ತಾಗಿದರೆ ಕಪ್ಪಾಗುತ್ತದೆ’ ಎಂದಿತ್ತು ಎನ್ನೋಣ. ಹಳೆಯ ಕ್ಯಾಮೆರಾದ ಫಿಲ್ಮ್ ಎಂದು ಯಾರಾದರೂ ಉತ್ತರಿಸಿದರೆ ಅದನ್ನು ತಪ್ಪೆನ್ನಲು ಬರುವುದಿಲ್ಲ. ತಿದ್ದಿದ ಮೇಲೆ ಅದು ಹೀಗಾಯಿತು.

ಸುಳಿವು 1: ಇದರಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಮನುಷ್ಯರ ಚರ್ಮಕ್ಕೆ ಹಚ್ಚಲೆಂದೇ ಇದನ್ನು ತಯಾರಿಸುತ್ತಾರೆ, ಬೆಳಕಿಗೆ ಕಪ್ಪಾಗುತ್ತದೆ. [15]
ಸುಳಿವು 2: ಇದನ್ನು ತಯಾರಿಸುವ ಮೈಸೂರಿನ ಕಾರ್ಖಾನೆ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣಕ್ಕಾಗಿ ಶುರುವಾಯಿತು. [10]
ಸುಳಿವು 3: 1962ರ ಮಹಾಚುನಾವಣೆಯಲ್ಲಿ ಬಳಕೆಗೆ ಬಂದ ಇದರ ಗುರುತು ಇಂದು ಎಡಗೈ ತೋರುಬೆರಳಿನ ಮೇಲೆ ಕಾಣುತ್ತದೆ. [5]
ಉತ್ತರ: ಚುನಾವಣೆಯ ಅಳಿಸಲಾಗದ ಶಾಯಿ.

ಈ ಸುತ್ತಿನ ಆರು ಪ್ರಶ್ನೆಗಳಲ್ಲಿ ತುಂಗಾ ಎರಡನೇ ಸುಳಿವಿಗೆ ಎರಡು ಸಲ, ಮೂರನೇ ಸುಳಿವಿಗೆ ಒಂದು ಸಲ ಹೇಳಿ 25 ಗಳಿಸಿತು. ಭದ್ರಾ ಮೊದಲ ಸುಳಿವಿಗೆ ಒಂದು, ಎರಡನೆಯದಕ್ಕೆ ಒಂದು ಹೇಳಿ ಅದೂ 25 ಗಳಿಸಿತು. ಮುಂದಿದ್ದ ಹೇಮಾವತಿ ಎರಡು ಸಲ ಆತುರಪಟ್ಟು 10 ಕಳೆದುಕೊಂಡಿತು. ಕಾವೇರಿಗೆ 5 ಸಿಕ್ಕಿತು. ಕೊನೆಗೆ ತುಂಗಾ 50, ಭದ್ರಾ 50, ಹೇಮಾವತಿ 30, ಕಾವೇರಿ 30. ಒಟ್ಟು 160, ಹಿಂದಿನ 115ಕ್ಕೆ 55 ಸೇರಿಸಿ 10 ಕಳೆದರೆ ತಾಳೆಯಾಗುತ್ತದೆ.

ಟೈ-ಬ್ರೇಕರ್

ಎರಡು ಸಮಬಲಗಳಲ್ಲಿ ಬಿಡಿಸಬೇಕಾದ್ದು ಒಂದೇ. ಮುಂದಿನ ಹಂತಕ್ಕೆ ಒಂದೇ ತಂಡ ಹೋಗುವುದರಿಂದ ಮೊದಲ ಸ್ಥಾನ ತೀರ್ಮಾನವಾಗಬೇಕು. ಮೂರನೇ ಸ್ಥಾನದಿಂದ ಯಾವುದೂ ಬದಲಾಗದು. ಹೇಮಾವತಿ, ಕಾವೇರಿ ಎರಡೂ ಬಹುಮಾನ ಹಂಚಿಕೊಂಡರೆ ಮುಗಿಯಿತು. ಯಾವ ಸಮಬಲ ಬಿಡಿಸಬೇಕು, ಯಾವುದು ಬೇಡ ಎಂಬುದನ್ನು ನಿಯಮಾವಳಿಯಲ್ಲಿ ಮೊದಲೇ ಬರೆದು ತಂಡಗಳಿಗೆ ಓದಿ ಹೇಳಿರಬೇಕು.

ಸುಲಭದ ದಾರಿ ಒಂದು ಬಝರ್ ಪ್ರಶ್ನೆ: ಸರಿಯಾಗಿ ಹೇಳಿದವರು ಗೆದ್ದರು, ತಪ್ಪು ಹೇಳಿದವರು ಸೋತರು. ಆದರೆ ತಪ್ಪಿದರೆ ಎದುರಾಳಿಗೆ ಗೆಲುವು ಎಂದಾದಾಗ ಎರಡೂ ತಂಡಗಳು ಗುಂಡಿ ಮುಟ್ಟದೆ ಕೂತುಬಿಡುವುದುಂಟು. ಅದಕ್ಕಾಗಿ ಸ್ಕ್ರಿಪ್ಟಿನಲ್ಲಿ ಎರಡು ಮೆಟ್ಟಿಲು ಇಡುತ್ತಾರೆ. ಮೊದಲು 30 ಸೆಕೆಂಡಿನ ಒಂದು ಬಝರ್ ಪ್ರಶ್ನೆ. ಅದು ಬಗೆಹರಿಯದಿದ್ದರೆ ಸಂಖ್ಯೆಯ ಪ್ರಶ್ನೆ: ಇಬ್ಬರೂ ಬರೆಯಬೇಕು, ಸರಿಯಾದ ಸಂಖ್ಯೆಗೆ ಹತ್ತಿರವಿದ್ದವರು ಗೆದ್ದಂತೆ. ಯಾರಿಗೂ ಉತ್ತರ ಗೊತ್ತಿಲ್ಲದಿದ್ದರೂ ಇದು ಗೊತ್ತಾದ ಸಮಯದಲ್ಲಿ ಮುಗಿಯುತ್ತದೆ.

ನಿರೂಪಕಿ: ತುಂಗೆ, ಭದ್ರೆ ಕೂಡ್ಲಿಯಲ್ಲಿ ಸೇರೋದು ಗೊತ್ತಿತ್ತು. ಅಂಕಪಟ್ಟಿಯಲ್ಲೂ ಸೇರ್ತಾವೆ ಅಂತ ಯಾರಿಗೆ ಗೊತ್ತಿತ್ತು? [ನಗೆಗೆ 3 ಸೆಕೆಂಡು. ದೀಪ ಎರಡು ತಂಡಗಳ ಮೇಲೆ ಮಾತ್ರ.]
ನಿರೂಪಕಿ: ಬಝರ್ ಪ್ರಶ್ನೆಗೆ ಇಬ್ಬರೂ ಒತ್ತಲಿಲ್ಲ. ಈಗ ಪೆನ್ನು ಹಿಡಿಯಿರಿ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು, ಆದರೆ ಹೆಸರು ಮೈಸೂರು ರಾಜ್ಯ ಅಂತಲೇ ಇತ್ತು. 1973ರ ನವೆಂಬರ್ 1ರಂದು ಕರ್ನಾಟಕ ಆಯಿತು. ಮೊದಲ ದಿನ ಸೇರಿಸಿ, ಕೊನೆಯ ದಿನ ಬಿಟ್ಟು, ಆ ಹೆಸರು ಎಷ್ಟು ದಿನ ಇತ್ತು?
[ಗಡಿಯಾರ 30 ಸೆಕೆಂಡು. ಚೀಟಿ ಒಪ್ಪಿಸಿದ ಸಮಯ ಬರೆದುಕೊಳ್ಳಿ.]

17 ವರ್ಷವನ್ನು 365ರಿಂದ ಗುಣಿಸಿದರೆ 6205. ನಡುವೆ ಬಂದ ಅಧಿಕ ವರ್ಷಗಳು 1960, 1964, 1968, 1972. ನಾಲ್ಕು ದಿನ ಸೇರಿ ಉತ್ತರ 6209. ತುಂಗಾ ತಂಡ ಅಧಿಕ ವರ್ಷ ಮರೆತು 6205 ಬರೆಯಿತು. ಭದ್ರಾ ತಂಡ 1956 ಕೂಡ ಅಧಿಕ ವರ್ಷವೆಂದು ಸೇರಿಸಿ 6210 ಬರೆಯಿತು. ಆ ವರ್ಷದ ಫೆಬ್ರವರಿ 29 ನವೆಂಬರ್‌ಗೆ ಮೊದಲೇ ಕಳೆದುಹೋಗಿತ್ತು. ಒಬ್ಬರು 4 ದಿನ ದೂರ, ಇನ್ನೊಬ್ಬರು 1 ದಿನ ದೂರ. ಭದ್ರಾ ಗೆದ್ದಿತು.

‘ಮೊದಲ ದಿನ ಸೇರಿಸಿ, ಕೊನೆಯ ದಿನ ಬಿಟ್ಟು’ ಎಂಬ ಮಾತನ್ನು ಪ್ರಶ್ನೆಯಿಂದ ತೆಗೆದು ನೋಡಿದರೆ ಅದರ ಬೆಲೆ ಗೊತ್ತಾಗುತ್ತದೆ. ಎರಡೂ ದಿನ ಸೇರಿಸುವವರಿಗೆ ಉತ್ತರ 6210 ಆಗುತ್ತದೆ. ತಂಡಗಳು 6209 ಮತ್ತು 6210 ಎಂದು ಬರೆದಿದ್ದರೆ, ಆ ಮಾತಿಲ್ಲದೆ ಗೆಲುವು ಯಾರದೆಂದು ಹೇಳಲು ಬರುತ್ತಿರಲಿಲ್ಲ. ಇಬ್ಬರೂ ಸಮ ದೂರದಲ್ಲಿದ್ದರೆ ಮೊದಲು ಚೀಟಿ ಒಪ್ಪಿಸಿದವರಿಗೆ ಗೆಲುವು ಎಂಬುದು ಕೊನೆಯ ನಿಯಮ. ಸಮಯ ಬರೆದುಕೊಳ್ಳಿ ಎಂಬ ಸೂಚನೆ ಅದಕ್ಕೇ.

ಟೈ-ಬ್ರೇಕರ್‌ನ ಗೆಲುವಿಗೆ ಅಂಕ ಸೇರಿಸುವುದಿಲ್ಲ. ಪರದೆಯ ಮೇಲೆ ತುಂಗಾ 50, ಭದ್ರಾ 50 ಎಂದೇ ಇದ್ದು, ಭದ್ರಾ ಹೆಸರಿನ ಪಕ್ಕ ‘ಟೈ-ಬ್ರೇಕರ್‌ನಲ್ಲಿ ಜಯ’ ಎಂದು ಬರುತ್ತದೆ. ಮುಂದಿನ ಹಂತಕ್ಕೆ ತಂಡಗಳನ್ನು ಒಟ್ಟು ಅಂಕದ ಮೇಲೆ ಆರಿಸುವುದಾದರೆ, ಬೇರೆ ಸಂಚಿಕೆಗಳ ತಂಡಗಳಿಗೆ ಸಿಗದ ಹೆಚ್ಚುವರಿ ಪ್ರಶ್ನೆಯ ಅಂಕ ಇವರಿಗೆ ಸಿಗಬಾರದು.

ಚಿತ್ರೀಕರಣಕ್ಕೆ ಮೊದಲು ಮತ್ತು ನಂತರ

ಸ್ಕ್ರಿಪ್ಟ್ ಮುಗಿದ ಮೇಲೆ ಸ್ಪರ್ಧೆಗೆ ಸಂಬಂಧವಿಲ್ಲದ ನಾಲ್ಕಾರು ಜನರನ್ನು ಕೂರಿಸಿ, ಗಡಿಯಾರ ಹಿಡಿದು ಒಂದು ಸಲ ಪೂರ್ತಿ ಆಡಿಸಿ ನೋಡುತ್ತಾರೆ. ಓದುವಾಗ ನಾಲಿಗೆ ತೊಡರುವ ವಾಕ್ಯ, ಇಬ್ಬಗೆ ಅರ್ಥ ಬರುವ ಪ್ರಶ್ನೆ, ಮೀಸಲಿಟ್ಟ 45 ಸೆಕೆಂಡು ದಾಟುವ ಪ್ರಶ್ನೆ ಎಲ್ಲ ಅಲ್ಲೇ ಸಿಕ್ಕಿಬೀಳುತ್ತವೆ. ಅಂಕದ ತಪ್ಪು ಚಿತ್ರೀಕರಣದ ನಡುವೆ ಕಂಡರೆ ಸುತ್ತಿನ ಕೊನೆಯಲ್ಲಿ, ತಂಡಗಳ ಎದುರೇ ತಿದ್ದಬೇಕು. ಪ್ರಶ್ನೆಯ ನಡುವೆ ತಿದ್ದಿದರೆ ಆಟದ ಓಟ ಕೆಡುತ್ತದೆ, ಮುಚ್ಚಿಟ್ಟು ತಿದ್ದಿದರೆ ನಂಬಿಕೆ ಕೆಡುತ್ತದೆ.

ಎಲ್ಲ ಮುಗಿದ ಮೇಲೆ ಬರೆದವರು ಮತ್ತೊಮ್ಮೆ ಹಾಳೆ ತೆರೆದು ಪ್ರತಿ ಪ್ರಶ್ನೆಯ ಪಕ್ಕ ಆದದ್ದನ್ನು ಗುರುತು ಹಾಕುತ್ತಾರೆ. ಯಾರೂ ಹೇಳಲಾಗದ ಪ್ರಶ್ನೆಗಳು ಮೂರನೇ ಒಂದು ಭಾಗಕ್ಕೆ ಹತ್ತಿರವಾದರೆ ಸ್ಕ್ರಿಪ್ಟ್ ಕಷ್ಟವಾಯಿತೆಂದು ಲೆಕ್ಕ. ಎಲ್ಲವನ್ನೂ ಮೊದಲ ತಂಡವೇ ಹೇಳಿಬಿಟ್ಟರೆ, ಬೌನ್ಸ್ ಎಂಬುದೇ ನಡೆಯದಿದ್ದರೆ, ಅದು ಸುಲಭವಾಯಿತು. ಮಾದರಿ ಸಂಚಿಕೆಯ 18 ಪ್ರಶ್ನೆಗಳಲ್ಲಿ ಉತ್ತರ ಬಾರದೆ ಉಳಿದದ್ದು ಒಂದು. ಸರದಿ ದಾಟಿ ಬೇರೆ ತಂಡ ಹೇಳಿದ್ದು ಮೊದಲ ಸುತ್ತಿನಲ್ಲೇ ನಾಲ್ಕು. ಅದು ಚೆನ್ನಾಗಿ ಅಳೆದು ಬರೆದ ಸ್ಕ್ರಿಪ್ಟ್.